ಮುಚ್ಚಳ: ನಡೀತದ

ಓಂಕಾರ ಪೇಢಾದ ಡಬ್ಬಿ ಹಿಡಿದು ನಮ್ಮ ಮನೆಯ ಮೆಟ್ಟಿಲು ಹತ್ತಿದಾಗಲೇ ನನಗೆ ಸಂಶಯ ಬರಬೇಕಿತ್ತು. ನಾಸಿಕದ ಅಂಬಡ್‌ನಲ್ಲಿ ಅವನ ಅಪ್ಪ ಖಂಡಪ್ಪನವರು ಕಟ್ಟಿದ ಕಾರ್ಖಾನೆಯಲ್ಲಿ ನಾನು ಇಪ್ಪತ್ತೇಳು ವರ್ಷ ಯಂತ್ರಗಳ ತಪಾಸಣೆ ಮಾಡಿದವನು. ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಖಂಡಪ್ಪನವರು ತೀರಿಕೊಂಡ ಮೇಲೆ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಓಂಕಾರನ ಕಾರು ಈ ನಾಲ್ಕು ವರ್ಷದಲ್ಲಿ ಒಮ್ಮೆಯೂ ನಮ್ಮ ಗಲ್ಲಿಯ ದಾರಿ ಹಿಡಿದಿರಲಿಲ್ಲ.

ನನ್ನ ಹೆಂಡತಿ ಕಸ್ತೂರಿಬಾಯಿಗೆ ಮಾತ್ರ ಕೂಡಲೇ ಗೊತ್ತಾಯಿತು. ಚಹಾ ಇಡಲು ಒಳಗೆ ಹೋಗುತ್ತ ನನಗಷ್ಟೇ ಕೇಳುವಂತೆ ಹೇಳಿದಳು: "ಮುಂದ ಪೇಢಾ ಬಂದದ ಅಂದ್ರ ಹಿಂದ ಏನೋ ಬರ್ಲಿಕತ್ತದ, ನೋಡ್ರಿ."

ಹಿಂದೆ ಬಂದದ್ದು ಒಂದು ಕಾಗದ. ನಮ್ಮ ಕಾರ್ಖಾನೆಯ ತಪಾಸಣೆ ಕಾರ್ಡಿನ ನಕಲು. ಯಂತ್ರದ ನಂಬರ್ ೨೨೧೬. ಮೋಟರ್, ಬ್ಲೇಡು, ಮುಚ್ಚಳ, ಬಣ್ಣ ಅಂತ ನಾಲ್ಕು ಸಾಲು. ಮುಚ್ಚಳದ ಮುಂದೆ ನನ್ನ ಕೈಬರಹದಲ್ಲಿ ಒಂದೇ ಒಂದು ಶಬ್ದ: ನಡೀತದ. ಕೆಳಗೆ ನನ್ನ ಸಹಿ.

"ಕಾಕಾ, ಇದು ನಿಮ್ಮ ಅಕ್ಷರ ಹೌದಲ್ರಿ?"

"ಬ್ಯಾರೆ ಯಾರು ಇಷ್ಟು ಛಂದ ಬರೀತಾರ?" ಎಂದೆ. ಹೊಗಳಿಕೊಳ್ಳುವ ಚಟ ನನಗೆ ಮೊದಲಿನಿಂದಲೂ ಇದೆ.

ನಾವು ಮಾಡುತ್ತಿದ್ದದ್ದು ಹೋಟೆಲುಗಳಿಗೆ ಬೇಕಾದ ತರಕಾರಿ ಹೆಚ್ಚುವ ಯಂತ್ರ. ಮೇಲಿನಿಂದ ಕೋಸು, ಗಜ್ಜರಿ ಹಾಕಿದರೆ ಒಳಗಿನ ತಿರುಗುವ ಬ್ಲೇಡು ಹೆಚ್ಚಿ ಕೆಳಗೆ ಬೀಳಿಸುತ್ತದೆ. ಮುಚ್ಚಳದೊಳಗೆ ಒಂದು ಸ್ವಿಚ್ಚು ಇದೆ. ಮುಚ್ಚಳ ಎತ್ತಿದ ಕೂಡಲೇ ಕರೆಂಟು ಕಡಿದು ಬ್ಲೇಡು ನಿಲ್ಲಬೇಕು. ಹಾಗಂತ ಯಂತ್ರದ ಮೇಲೆ ಮರಾಠಿಯಲ್ಲೂ ಹಿಂದಿಯಲ್ಲೂ ಸ್ಟಿಕ್ಕರ್ ಅಂಟಿಸುತ್ತಿದ್ದೆವು.

ಓಂಕಾರ ಹೇಳಿದ ಸಂಗತಿ ಇಷ್ಟು. ಛತ್ರಪತಿ ಸಂಭಾಜಿನಗರದಲ್ಲಿ ಕರಾವಳಿಯ ಸದಾನಂದ ಎಂಬವರ ಶಾಕಾಹಾರಿ ಹೋಟೆಲು. ಅವರು ಅಲ್ಲಿನ ಡೀಲರ್ ಹತ್ತಿರ ನಮ್ಮ ಯಂತ್ರ ಕೊಂಡರು. ಮೂರನೆಯ ದಿನ ಅವರ ತಮ್ಮನ ಹೆಂಡತಿ ರಾಜೀವಿ ಸಿಕ್ಕಿಕೊಂಡ ಕೋಸು ತೆಗೆಯಲು ಮುಚ್ಚಳ ಎತ್ತಿದಳು. ಬ್ಲೇಡು ನಿಲ್ಲಲಿಲ್ಲ. ಬಲಗೈಯ ಎರಡು ಬೆರಳು ಪೂರ್ತಿ ಹೋದವು, ಮೂರನೆಯದು ಅರ್ಧ. ಆಕೆ ಈಗ ಕಂಪನಿಯ ಮೇಲೆ ದಾವೆ ಹೂಡಿದ್ದಾಳೆ.

"ಆಕಿ ನಮ್ಮ ಕಡಿಂದ ಏನೂ ಖರೀದಿ ಮಾಡಿಲ್ರಿ ಕಾಕಾ. ತಗೊಂಡಾವ ಭಾವ, ಮಾರಿದಾವ ಡೀಲರ್. ಧಂದಾಕ್ಕ ತಗೊಂಡ ಮಷೀನ್ ಅಂತ ಗ್ರಾಹಕ ಆಯೋಗದ ದಾರಿನೂ ಇಲ್ಲ. ಅದಕ್ಕ ದಿವಾಣಿ ಕೋರ್ಟಿಗೆ ಬಂದಾರ, ನಿಷ್ಕಾಳಜಿ ಅಂತ."

"ಆಕಿಗೂ ನಮಗೂ ಕರಾರೇ ಇಲ್ಲಂದ್ರ ಕೇಸ್ ಹೆಂಗ ನಿಲ್ತದೋ?"

"ನಿಲ್ತದಂತ್ರಿ. ನಮ್ಮ ವಕೀಲರೇ ಹೇಳ್ಯಾರ. ಹಿಂದಕ ಸ್ಕಾಟ್‌ಲ್ಯಾಂಡ್‌ನಾಗ ಒಬ್ಬಾಕಿಗೆ ಗೆಳತಿ ಸೋಡಾದಂಥಾದ್ದು ಏನೋ ಕುಡಿಸಿದ್ಳಂತ. ಕಪ್ಪ ಬಾಟ್ಲಿ, ಒಳಗ ಸತ್ತ ಬಸವನಹುಳ. ಕುಡದಾಕಿ ರೊಕ್ಕ ಕೊಟ್ಟಿದ್ದಿಲ್ಲ, ಆದ್ರೂ ಬಾಟ್ಲಿ ತಯಾರ ಮಾಡಿದವ್ರ ಮ್ಯಾಲ ದಾವಾ ಹಾಕ್ಬಹುದು ಅಂತ ದೊಡ್ಡ ಕೋರ್ಟ್ ಹೇಳ್ತು. ನಡುವ ಯಾರೂ ಬಿಚ್ಚಿ ನೋಡ್ಲಿಕ್ಕ ಬರದಂಗ ಮಾಲ್ ಕಳಿಸಿದ್ರ, ಕಟ್ಟಕಡೀಗೆ ಬಳಸವ್ರ ಕಾಳಜಿ ತಯಾರ ಮಾಡಿದವ್ರದೇ. ಇಲ್ಲಿನ ಕೋರ್ಟೂ ಅದನ್ನೇ ಹಿಡೀತಾವಂತ."

"ಹುಳಕ್ಕರೆ ಬಸವಣ್ಣನ ಹೆಸರದ, ಸುಮ್ನ ಕೂಡಲಿಲ್ಲ" ಎಂದು ಕಸ್ತೂರಿಬಾಯಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು.

ಹಾಗಾಗಿ ಕಂಪನಿಗೆ ಉಳಿದಿದ್ದು ಒಂದೇ ವಾದ. ಯಂತ್ರ ನಮ್ಮ ಬಾಗಿಲು ದಾಟಿದಾಗ ಸರಿಯಾಗಿತ್ತು, ಕೆಡಿಸಿದ್ದು ಹೋಟೆಲಿನವರು. ಕಾಲೇಜಿನ ಇಂಜಿನಿಯರ್ ಒಬ್ಬರು ಬಿಚ್ಚಿ ನೋಡಿ, ಸ್ವಿಚ್ಚಿನ ಸ್ಪ್ರಿಂಗು ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತದೆ ಎಂದು ವರದಿ ಕೊಟ್ಟಿದ್ದರು. ಆದರೆ ಅದು ಮೊದಲೇ ಇದ್ದ ದೋಷವೋ, ಆಮೇಲೆ ನೀರು ಹೋಗಿ ಆದದ್ದೋ ಎಂದು ಹೇಳಲು ಅವರಿಗೂ ಆಗಿರಲಿಲ್ಲ. ಹೇಳಬಲ್ಲದ್ದು ನನ್ನ ಕಾರ್ಡು ಒಂದೇ.

"ನೀವು ಏನೂ ಸುಳ್ಳು ಹೇಳೂದು ಬ್ಯಾಡ್ರಿ. ಕಾರ್ಡ್ ನಂದು, ಅಕ್ಷರ ನಂದು, ಮುಚ್ಚಳ ನಡೀತದ ಅಂತ ಬರ್ದೀನಿ. ಫಕ್ತ ಇಷ್ಟ್ ಅಂದ್ರ ಸಾಕ್ರಿ, ಕಾಕಾ. ಮೂವತ್ತು ಮಂದಿ ಹೊಟ್ಟಿ ಅದ ಆ ಶೆಡ್ಡಿನ ಮ್ಯಾಲ."

ಅವನು ಹೋದ ಮೇಲೆ ನಾನು ಗೋಡೆಯ ಫೋಟೋ ನೋಡುತ್ತ ಕುಳಿತೆ. ನನ್ನ ಬೀಳ್ಕೊಡುಗೆಯ ಫೋಟೋ. ಕೊರಳಿಗೆ ಹಾರ, ಗಲ್ಲದ ಕೆಳಗೆ ಮಾಸ್ಕು. ಕಾರ್ಡಿನ ತಾರೀಖೂ ಫೋಟೋದ ತಾರೀಖೂ ಒಂದೇ ಆಗಿತ್ತು.

ಆ ಶೆಡ್ಡಿನ ಕಥೆ ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ. ತೊಂಬತ್ತನಾಲ್ಕರಲ್ಲಿ ಖಂಡಪ್ಪನವರು ಔರಾದ, ಭಾಲ್ಕಿ ಕಡೆಯ ಆರು ಮಂದಿಯನ್ನು ಕರೆತಂದು ಅಂಬಡ್‌ನಲ್ಲಿ ಆ ಕಾರ್ಖಾನೆ ತೆರೆದರು. ಒಂದೇ ಖೋಲಿಯಲ್ಲಿ ಆರು ಮಂದಿ ಮಲಗುತ್ತಿದ್ದೆವು. ಮಧ್ಯಾಹ್ನ ಲೇತ್ ಯಂತ್ರದ ಪಕ್ಕದಲ್ಲೇ ಪೇಪರ್ ಹಾಸಿ ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ ಹಂಚಿಕೊಳ್ಳುತ್ತಿದ್ದೆವು. ಮಾಲೀಕರೂ ಅದೇ ಪೇಪರಿನ ಮೇಲೆ ಕೂಡುತ್ತಿದ್ದರು. ಆಗ ನಾಸಿಕದ ಗಾಳಿಯಲ್ಲಿ ದ್ರಾಕ್ಷಿಯ ಸೀಸನ್ ಬಂದದ್ದು ಮೂಗಿಗೇ ತಿಳಿಯುತ್ತಿತ್ತು. ಈಗ ಹೊಗೆ ಬಿಟ್ಟರೆ ಏನೂ ತಿಳಿಯುವುದಿಲ್ಲ. ಮೂಗಿಗೆ ವಯಸ್ಸಾಯಿತೋ, ಊರಿಗೋ, ಹೇಳಲಾರೆ. ಆ ದಿನಗಳನ್ನು ನೆನೆದರೆ ಇವತ್ತಿಗೂ ನನ್ನ ಕಣ್ಣು ತುಂಬುತ್ತದೆ, ಅದಕ್ಕೆ ನಾಚಿಕೆಯೇನೂ ಇಲ್ಲ.

ಕಾರ್ಡುಗಳು ಕನ್ನಡದಲ್ಲಿದ್ದದ್ದು ಅದೇ ಕಾರಣಕ್ಕೆ. ಬರೆಯುವವನೂ ನಮ್ಮವನು, ಓದುವವನೂ ನಮ್ಮವನು, ಬೇರೆ ಭಾಷೆಯ ಹಂಗೇಕೆ? ಖಂಡಪ್ಪನವರು ಹಾಕಿಕೊಟ್ಟ ಪದ್ಧತಿಯಂತೆ ಕಂಪನಿಯ ಲೆಕ್ಕಕ್ಕೆ ಮುಚ್ಚಳವನ್ನು ಮೂರು ಸಲ ಎತ್ತಿ ನೋಡಿದರೆ ಸಾಕಿತ್ತು. ನಾನು ಹತ್ತು ಸಲ ಎತ್ತುತ್ತಿದ್ದೆ. ಅದಕ್ಕೂ ಅವರದೇ ಒಂದು ಮಾತು ಕಾರಣ. ಒಮ್ಮೆ ಅವಸರದಲ್ಲಿದ್ದ ನನ್ನನ್ನು ತಡೆದು ಹೇಳಿದ್ದರು: "ವಿಶ್ವನಾಥಪ್ಪಾ, ಈ ಮಷೀನ್ ಯಾರ ಮನಿಗಿ ಹೋಗ್ತದ ನಮಗ ಗೊತ್ತಿಲ್ಲ. ಅವ್ರ ಹೆಸರ ಗೊತ್ತಿಲ್ಲ, ಜಾತಿ ಗೊತ್ತಿಲ್ಲ. ಆದ್ರ ಅವ್ರಿಗಿ ಕೈ ಇರ್ತಾವ ಅನ್ನೂದರೆ ಗೊತ್ತದಲ್ಲ?"

ಬ್ಲೇಡು ನಿಂತರೆ ಕಾರ್ಡಿನಲ್ಲಿ 'ನಿಲ್ತದ' ಎಂದು ಬರೆಯುತ್ತಿದ್ದೆ. ನಿಲ್ಲದೆ ತಿರುಗಿದರೆ 'ನಡೀತದ' ಎಂದು ಬರೆದು, ಯಂತ್ರದ ಕೊರಳಿಗೆ ಕೆಂಪು ಚಿಂದಿ ಕಟ್ಟಿ, ಅದರದೇ ಒಂದು ಚೂರನ್ನು ಕಾರ್ಡಿಗೂ ಚುಚ್ಚಿ, ದುರಸ್ತಿಯ ಮೂಲೆಗೆ ನೂಕುತ್ತಿದ್ದೆ. ಕೆಂಪು ಚಿಂದಿಯ ಯಂತ್ರ ರಿಪೇರಿಯಾಗಿ ಹೊಸ ಕಾರ್ಡಿನೊಂದಿಗಷ್ಟೇ ಪ್ಯಾಕಿಂಗಿಗೆ ಹೋಗುತ್ತಿತ್ತು.

೨೨೧೬ನ್ನು ನಾನು ಮರೆತಿರಲಿಲ್ಲ. ಏಳು ಸಲ ನಿಂತಿತು. ಎಂಟನೆಯ ಸಲ ಮುಚ್ಚಳ ಮೇಲೆತ್ತಿದರೂ ಬ್ಲೇಡು ತಿರುಗುತ್ತಲೇ ಇತ್ತು. ನಡೀತದ ಎಂದು ಬರೆದೆ. ಚಿಂದಿಗೆ ಕೈ ಚಾಚುವಷ್ಟರಲ್ಲಿ ಹೊರಗಿನಿಂದ ಹುಡುಗರು "ಕಾಕಾ, ಹಾರ ಬಾಡ್ಲಿಕತ್ತದ ಬರ್ರಿ" ಎಂದು ಕೂಗಿದರು. ಹೋದೆ. ಭಾಷಣ, ಶಾಲು, ಫೋಟೋ. ಖಂಡಪ್ಪನವರು ಅತ್ತರು, ನಾನೂ ಅತ್ತೆ. ಅತ್ತು ಹಗುರಾಗಿ ನೇರ ಮನೆಗೆ ನಡೆದೆ. ಚಿಂದಿ ಮೇಜಿನ ಮೇಲೆಯೇ ಉಳಿಯಿತು.

ಮರುದಿನ ಬೆಳಿಗ್ಗೆ ಪಕ್ಕದ ಗಲ್ಲಿಯ ನಿಂಗಣ್ಣನ ಮನೆಗೆ ಹೋದೆ. ಅವನೂ ಆ ಆರು ಮಂದಿಯಲ್ಲೊಬ್ಬ, ಕೊನೆಯವರೆಗೂ ಪ್ಯಾಕಿಂಗ್ ನೋಡಿಕೊಂಡವನು. ಕಾರ್ಡಿನ ನಕಲು ಮುಂದಿಟ್ಟೆ.

"ಇದು ನೋಡಿ ನೀ ಪ್ಯಾಕ್ ಮಾಡಿದೇನು?"

"ಹೂಂ. ನಡೀತದ ಅಂತ ಬರ್ದಿದ್ದಿ. ನಡೀತದ ಅಂದ ಮ್ಯಾಲ ಕಳಿಸಿದೆ. ಚಿಂದಿ ಇದ್ದಿಲ್ಲ."

"ಇಪ್ಪತ್ತೇಳು ವರ್ಷ ನಾ ಏನ್ ಬರೀತಿದ್ದೆ ನಿನಗ ಗೊತ್ತಿಲ್ಲೇನು?"

"ನಿಲ್ತದ ಅಂತಿದ್ದಿ. ನಡೀತದ ಅನ್ನೂ ಕಾರ್ಡ್ ನನ್ನ ತನಕ ಯಾವಾಗ ಬಂದಿತ್ತೋ ಮಾರಾಯಾ? ಆವತ್ತು ಖುಷಿಲಿದ್ದಿ, ಛಲೋ ಅದ ಅನ್ನೂದ್ಕ ಹಂಗ ಬರ್ದಾನ ಅಂತ ತಿಳಕೊಂಡೆ." ಹಾಗೆನ್ನುತ್ತಲೇ ಅವನಿಗೆ ಅರ್ಥವಾಯಿತು. ಕಾರ್ಡನ್ನು ನನ್ನ ಕಡೆಗೆ ತಳ್ಳಿ ಎದ್ದು ಒಳಗೆ ಹೋಗಿಬಿಟ್ಟ.

ಅವನದೇನು ತಪ್ಪು? ನಮ್ಮ ಕಡೆ ಯಂತ್ರ ಓಡಿದರೂ ನಡೀತದ, ಸಂಬಂಧ ಒಪ್ಪಿಗೆಯಾದರೂ ನಡೀತದ, ಸಾರಿಗೆ ಉಪ್ಪು ಕಮ್ಮಿಯಾದರೂ ನಡೀತದ. ಮರಾಠಿಯವರ ಚಾಲತೇ, ಹಿಂದಿಯವರ ಚಲತಾ ಹೈ, ಎಲ್ಲಾ ಒಂದೇ ಗಾಣದ ಎಣ್ಣೆ. ಕೋರ್ಟಿಗೆ ಕೊಟ್ಟ ಮರಾಠಿ ಅನುವಾದದಲ್ಲೂ ಚಾಲತೇ ಎಂದೇ ಇತ್ತು.

ವಕೀಲರು ನನ್ನ ಹೆಸರಲ್ಲಿ ಬರೆದ ಅಫಿಡವಿಟ್ಟಿನಲ್ಲಿ 'ಮುಚ್ಚಳ ಸುರಕ್ಷಿತವಾಗಿದೆ ಎಂದು ದಾಖಲಿಸಿದೆ' ಎಂಬ ಸಾಲಿತ್ತು. ಅದಕ್ಕೆ ಸಹಿ ಹಾಕುವುದಿಲ್ಲ ಎಂದೆ. ಅವರು ಅದನ್ನು ತೆಗೆದು 'ಮುಚ್ಚಳದ ಮುಂದೆ ನಡೀತದ ಎಂದು ಬರೆದಿದ್ದೇನೆ' ಎಂದಷ್ಟೇ ಇಟ್ಟರು. ಅದಕ್ಕೆ ಸಹಿ ಹಾಕಿದೆ. ಅಕ್ಷರಕ್ಕೆ ಅಕ್ಷರ ನಿಜವಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಕಸ್ತೂರಿಬಾಯಿ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ ಬಿಸಿ ರೊಟ್ಟಿ ತಟ್ಟೆಗೆ ಹಾಕಿ, "ನಿಮ್ಮ ಮಗಳ ಬೆರಳ ಹೋಗಿದ್ರೂ ಅಷ್ಟೇ ಬರೀತಿದ್ರೇನು?" ಎಂದಳು. ನಮಗೆ ಹೆಣ್ಣುಮಕ್ಕಳಿಲ್ಲ ಎಂದು ನೆನಪಿಸಿದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸಾಕ್ಷಿಯ ದಿನ ಓಂಕಾರನ ಕಾರು ಬೇಡವೆಂದು ನಸುಕಿನ ಎಸ್‌ಟಿ ಬಸ್ಸು ಹತ್ತಿದೆ. ಹಳೇ ಹೆಸರಿನ ರೂಢಿಯಲ್ಲಿ ಔರಂಗಾಬಾದ್ ಎಂದು ಟಿಕೆಟ್ ಕೇಳಿದರೆ ಕಂಡಕ್ಟರ್ ಸಂಭಾಜಿನಗರ ಎಂದು ತಿದ್ದಿದ, ಅರ್ಧ ದಾರಿಯಲ್ಲಿ ತಾನೇ ಔರಂಗಾಬಾದ್ ಎಂದು ಕೂಗಿದ. ಕೋರ್ಟಿಗೆ ಇನ್ನೂ ಹೊತ್ತಿತ್ತು. ಹೊಟ್ಟೆ ಹಸಿದಿದೆ ಎಂದು ನನಗೆ ನಾನೇ ಹೇಳಿಕೊಂಡು ರಿಕ್ಷಾದವನಿಗೆ ಜಾಲನಾ ರಸ್ತೆಯ ಸದಾನಂದರ ಹೋಟೆಲಿನ ಹೆಸರು ಹೇಳಿದೆ. ಊರಲ್ಲಿ ಬೇರೆ ಹೋಟೆಲುಗಳಿರಲಿಲ್ಲವೇ?

ಶೇಂದ್ರಾದ ಕಾರ್ಖಾನೆಗಳಿಗೆ ಹೋಗುವ ಮಂದಿ ಗಡಿಬಿಡಿಯಲ್ಲಿ ತಿನ್ನುತ್ತಿದ್ದರು. ಇಡ್ಲಿ ತಂದಿಟ್ಟದ್ದು ಆಕೆಯೇ. ನಲವತ್ತರ ಆಸುಪಾಸು. ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ನಾನು ಚಟ್ನಿಗೆ "ತೊಗೊಂಬರ್ರಿ" ಎಂದದ್ದೇ ತಡ, ಮುಖ ಅರಳಿತು.

"ನೀವು ಬೀದರ್ ಕಡೆಯವರಾ ಅಜ್ಜ? ಮಾತಲ್ಲೇ ಗೊತ್ತಾಗ್ತದೆ. ಇಲ್ಲಿ ಕನ್ನಡ ಕೇಳ್ದೆ ಎಷ್ಟು ದಿನ ಆಯ್ತು. ಸಾಂಬಾರ್ ಸ್ವಲ್ಪ ಆರಿದೆ. ಬಿಸಿ ಮಾಡಿ ತರ್ಲಾ, ಹೀಗೇ ಆಗ್ತದಾ?"

"ನಡೀತದ" ಎಂದೆ.

ಹೇಳಿದ ಮೇಲೆ ಕೇಳಿಸಿತು. ಆಕೆ ನಗುತ್ತ, "ಇಲ್ಲ ಇಲ್ಲ, ಬಿಸಿಯೇ ತರ್ತೇನೆ. ವಯಸ್ಸಾದವರಿಗೆ ಆರಿದ್ದು ಕೊಡ್ಬಾರ್ದು" ಎಂದು ಒಳಗೆ ಹೋದಳು. ನಾನು ಯಾರೆಂದು ಹೇಳಲಿಲ್ಲ. ಹೇಳುವ ಧೈರ್ಯ ಇರಲಿಲ್ಲ.

ಅದಾಲತ್ ರಸ್ತೆಯ ಕೋರ್ಟಿನಲ್ಲಿ ಕಟಕಟೆ ಹತ್ತಿದಾಗ ಆಕೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ನನ್ನನ್ನು ಗುರುತಿಸಿದಳು. ಮುಖದ ನಗು ಅರ್ಧಕ್ಕೇ ನಿಂತಿತು.

ಆಕೆಯ ಪರ ವಕೀಲೆ ಮಂದಾಕಿನಿ, ಸಣ್ಣ ಆಳು, ದೊಡ್ಡ ಗಂಟಲು. ಕನ್ನಡ ಓದಲು ಬಾರದ ಅವರ ಕೈಯಲ್ಲಿ ಇದ್ದದ್ದು ಚಾಲತೇ ಎಂಬ ಮರಾಠಿ ಅನುವಾದ. ಮಾತೆಲ್ಲ ಮರಾಠಿಯಲ್ಲಿ ನಡೆಯಿತು.

"ಆ ದಿನ ನಿಮ್ಮ ಬೀಳ್ಕೊಡುಗೆ ಇತ್ತು, ಹೌದೋ?"

"ಹೌದು."

"ಹಾರ ಹಾಕಲು ಜನ ಕಾಯುತ್ತಿದ್ದರು. ನೀವು ಅವಸರದಲ್ಲಿದ್ದಿರಿ."

"ಹೌದು."

"ಹಾಗಾಗಿ ಮುಚ್ಚಳ ಸರಿಯಾಗಿ ಪರೀಕ್ಷಿಸದೆ, ಚಾಲತೇ, ಆದೀತು ಬಿಡು ಎಂದು ಬರೆದು ಹೊರಟಿರಿ. ನೀವು ಒಂದು ಸಲವೂ ಮುಚ್ಚಳ ಎತ್ತಿ ನೋಡಲಿಲ್ಲ."

ಮೈ ಉರಿದುಹೋಯಿತು. ಇಪ್ಪತ್ತೇಳು ವರ್ಷದ ಕೆಲಸಕ್ಕೆ ಈ ಹೆಂಗಸು ಒಂದೇ ಮಾತಿನಲ್ಲಿ ಮಣ್ಣು ಹಾಕುತ್ತಿದ್ದಾಳೆ!

"ಎಂಟು ಸಲ ಎತ್ತಿದ್ದೆ!" ಎಂದು ಕೂಗಿದೆ.

"ಅಷ್ಟು ಸಲ ಎತ್ತಿದವರಿಗೆ ದೋಷ ಕಾಣಲಿಲ್ಲವೋ?"

ಓಂಕಾರನ ವಕೀಲರು ಅರ್ಧ ಎದ್ದು ನಿಂತಿದ್ದರು. ಇಲ್ಲ ಎಂದರೆ ಮುಗಿಯುತ್ತಿತ್ತು. ಯಂತ್ರ ಸರಿಯಾಗಿಯೇ ಹೊರಟಿತ್ತು ಎಂದಾಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ರಾಜೀವಿಯ ಕೈ ಸೆರಗಿನಿಂದ ಹೊರಗೆ ಬಂದಿತ್ತು, ಮುಂದಿನ ಬೆಂಚನ್ನು ಹಿಡಿದಿತ್ತು. ಅವ್ರಿಗಿ ಕೈ ಇರ್ತಾವ ಅನ್ನೂದರೆ ಗೊತ್ತದಲ್ಲ?

"ಕಂಡಿತು" ಎಂದು ನ್ಯಾಯಾಧೀಶರ ಕಡೆ ತಿರುಗಿದೆ. "ಎಂಟನೆಯ ಸಲ ಮುಚ್ಚಳ ಎತ್ತಿದರೂ ಬ್ಲೇಡು ನಿಲ್ಲಲಿಲ್ಲ. ಅದಕ್ಕೇ ನಡೀತದ ಎಂದು ಬರೆದೆ. ನಡೀತದ ಅಂದರೆ ಆದೀತು ಅಂತಲ್ಲ ಸಾಹೇಬರೇ, ತಿರುಗುತ್ತಲೇ ಇದೆ ಅಂತ. ಅದು ನಪಾಸು. ಕೆಂಪು ಚಿಂದಿ ಕಟ್ಟಬೇಕಿತ್ತು. ಕಟ್ಟದೆ ಹಾರ ಹಾಕಿಸಿಕೊಳ್ಳಲು ಹೋದೆ."

ಸತ್ಯ ಹೇಳಿದೆನೆಂದು ಬೀಗುವ ಹಾಗಿಲ್ಲ. ಹೇಳಿದ್ದರಲ್ಲಿ ಅರ್ಧ ಸತ್ಯಕ್ಕಾಗಿ, ಇನ್ನರ್ಧ ಸಿಟ್ಟಿಗಾಗಿ. ನ್ಯಾಯಾಧೀಶರು ಒಂದೊಂದೇ ಶಬ್ದ ಹೇಳಿ ಟೈಪು ಮಾಡಿಸಿದರು. ಓಂಕಾರನ ವಕೀಲರು ಸಾಕ್ಷಿ ತಿರುಗಿಬಿದ್ದಿದ್ದಾನೆ ಎಂದು ಹೇಳಿ, ತಾವೇ ನನ್ನನ್ನು ಪಾಟೀಸವಾಲು ಮಾಡಲು ಅನುಮತಿ ಪಡೆದರು. ಮಾಲೀಕರ ಮೇಲೆ ದ್ವೇಷವಿದೆಯೇ ಎಂದು ಕೇಳಿದರು. ನನ್ನ ಮದುವೆಯ ಮಂಟಪಕ್ಕೆ ತೆಂಗಿನಗರಿ ಕಟ್ಟಿದವರು ಖಂಡಪ್ಪನವರು ಎಂದೆ. ಒಂದೇ ಶಬ್ದಕ್ಕೆ ಎರಡು ಅರ್ಥವಿರುವಾಗ ಈಗ ನೀವು ಹೇಳುವುದನ್ನೇ ಏಕೆ ನಂಬಬೇಕು ಎಂದರು.

"ನನ್ನನ್ನು ನಂಬಬೇಡಿ. ಆ ತಿಂಗಳ ಉಳಿದ ಕಾರ್ಡು ತರಿಸಿ ನೋಡಿ. ಪಾಸಾದ ಒಂದರಲ್ಲಾದರೂ ನಡೀತದ ಅಂತಿದ್ದರೆ ನನ್ನ ಮಾತು ಸುಳ್ಳು."

ಮಂದಾಕಿನಿ ತಡಮಾಡದೆ ಕಾರ್ಡುಗಳನ್ನು ಹಾಜರುಪಡಿಸಬೇಕೆಂದು ಅರ್ಜಿ ಕೊಟ್ಟರು. ಕೋರ್ಟು ಒಪ್ಪಿತು.

ಹೊರಗೆ ಓಂಕಾರ ನನ್ನ ಮುಖ ನೋಡದೆ ಕಾರು ಹತ್ತಿದ. ನಾನು ಬಸ್ಸಿನಲ್ಲಿ ಬಂದೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಅವನು ಗೆದ್ದಲು ತಿಂದಿತು ಎಂದರೆ? ಹಳೇ ಕಾರ್ಡುಗಳಿಗೆ ಗೆದ್ದಲು ಹತ್ತುವುದು ಕಷ್ಟವೇನಲ್ಲ, ಬೇಕಾದಾಗ ಹತ್ತುತ್ತದೆ.

ಮುಂದಿನ ತಾರೀಖಿಗೆ ಓಂಕಾರ ತಾನೇ ಒಂದು ತಗಡಿನ ಡಬ್ಬಿ ಹೊತ್ತು ತಂದನಂತೆ. ನಲವತ್ಮೂರು ಕಾರ್ಡು. ಪ್ಯಾಕಿಂಗಿಗೆ ಹೋದ ಮೂವತ್ತೊಂಬತ್ತರಲ್ಲಿ ನಿಲ್ತದ. ದುರಸ್ತಿಗೆ ಹೋದ ಮೂರರಲ್ಲಿ ನಡೀತದ, ಅವಕ್ಕೆ ಪಿನ್ನು ಚುಚ್ಚಿ ಹಚ್ಚಿದ ಕೆಂಪು ಚಿಂದಿಯ ಚೂರು. ಉಳಿದದ್ದು ಒಂದು, ೨೨೧೬. ನಡೀತದ, ಚಿಂದಿ ಇಲ್ಲ. ಇದನ್ನು ಕೇಳಿದಾಗ, ಖಂಡಪ್ಪನವರ ಮಗನೇ ಹೌದು ಎಂದುಕೊಂಡೆ. ಅವತ್ತು ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡೆ.

ತೀರ್ಪಿನ ದಿನ ಯಾರೂ ಕರೆಯದಿದ್ದರೂ ಹೋದೆ. ನಿಂಗಣ್ಣನೂ ಬಂದ. ತಾನೇ ಓದಿ ಕಳಿಸಿದ ಕಾರ್ಡು, ತಾನೂ ಕೇಳಬೇಕು ಎಂದ. ನ್ಯಾಯಾಧೀಶರು ಮುಖ್ಯ ಭಾಗವನ್ನಷ್ಟೇ ಓದಿದರು. ಯಂತ್ರ ಕೊಂಡವಳು ಆಕೆಯಲ್ಲ ಎಂಬುದು ಮುಖ್ಯವಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಅದನ್ನು ಬಳಸುವ ಯಾರಿಗಾದರೂ ಪೆಟ್ಟಾಗದಂತೆ ನೋಡಿಕೊಳ್ಳುವ ಹೊಣೆ ತಯಾರಿಸಿದವನದು. ಸ್ವಿಚ್ಚು ಮುಚ್ಚಿದ ಡಬ್ಬಿಯೊಳಗಿತ್ತು, ನಡುವಿನ ಡೀಲರ್ ಅದನ್ನು ತೆರೆದು ನೋಡುವಂತಿರಲಿಲ್ಲ. ದೋಷ ಕಾರ್ಖಾನೆಯಲ್ಲೇ ಇತ್ತು, ಅಲ್ಲೇ ಕಂಡಿತ್ತು, ಆದರೂ ಯಂತ್ರ ಹೊರಬಿತ್ತು. ಬರೆದವನು ಮರೆತ, ಓದಿದವನು ತಪ್ಪು ತಿಳಿದ ಎಂದು ಕಂಪನಿ ನುಣುಚಿಕೊಳ್ಳುವ ಹಾಗಿಲ್ಲ, ಕೆಲಸದವರು ಕೆಲಸದಲ್ಲಿ ಮಾಡಿದ ತಪ್ಪು ಕಂಪನಿಯದೇ. ಪ್ಲಗ್ಗು ಕಿತ್ತು ಕೈ ಹಾಕಬೇಕಿತ್ತು ಎಂಬ ವಾದವನ್ನೂ ಒಪ್ಪಲಿಲ್ಲ. ಮುಚ್ಚಳ ಎತ್ತಿದರೆ ನಿಲ್ಲುತ್ತದೆ ಎಂದು ಸ್ಟಿಕ್ಕರ್ ಅಂಟಿಸಿ ನಂಬಿಸಿದವರು, ನಂಬಿದ್ದೇ ತಪ್ಪು ಎನ್ನಬಾರದು ಎಂದರು. ಕಂಪನಿ ಪರಿಹಾರ ಕೊಡಬೇಕೆಂದು ಆದೇಶವಾಯಿತು.

ವರಾಂಡದಲ್ಲಿ ಓಂಕಾರ ನನ್ನ ಹತ್ತಿರ ಬಂದು ನಿಂತ. ಬೈಯುತ್ತಾನೆಂದು ಕಾದೆ. "ಅದೇ ಲಾಟಿನ ಸ್ವಿಚ್ ಇನ್ನ ಹನ್ನೊಂದು ಮಷೀನ್‌ನಾಗ ಹೋಗ್ಯಾವ್ರಿ ಕಾಕಾ. ವಾಪಸ್ ತರಿಸ್ಲಿಕತ್ತೀನಿ. ಮುಚ್ಚಳ ಎತ್ತಿ ನೋಡ್ಲಿಕ್ಕ ನೀವು ಬರ್ಬೇಕು" ಎಂದ. ಆಗಲಿ ಎಂದು ತಲೆಯಾಡಿಸಿದೆ.

ಅಷ್ಟರಲ್ಲಿ ರಾಜೀವಿ ನಮ್ಮೆದುರು ಬಂದು ನಿಂತಳು. ನಾನು ಕೈ ಮುಗಿದೆ. ಆಕೆಗೆ ನನ್ನ ಮೇಲೆ ಸಿಟ್ಟಿದೆಯೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ.

"ಆವತ್ತು ಇಡ್ಲಿ ತಿಂದಾಗ್ಲೇ ಹೇಳ್ಬಹುದಿತ್ತಲ್ಲ ಅಜ್ಜ?"

"ಹೇಳ್ಬೇಕಿತ್ತು, ತಾಯಿ. ಬಾಯಿ ಬರ್ಲಿಲ್ಲ."

ತನ್ನ ಬಲಗೈ ನೋಡಿಕೊಂಡಳು. ಆಮೇಲೆ ಜಗಳದ ದನಿಯಲ್ಲಲ್ಲ, ಲೆಕ್ಕ ತಿಳಿದುಕೊಳ್ಳುವವಳ ಹಾಗೆ ಕೇಳಿದಳು: "ನಿಮಗೆ ಎಂಟನೇ ಸಲಕ್ಕೆ ಗೊತ್ತಾದದ್ದಾ?"

"ಹೌದು, ಎಂಟನೇ ಸಲಕ್ಕ."

"ನಾನು ಎತ್ತಿದ್ದು ಒಂದೇ ಸಲ" ಎಂದಳು.

ಓಂಕಾರ ನೆಲ ನೋಡಿದ. ನಿಂಗಣ್ಣ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದ. ನಾನು ಮುಗಿದ ಕೈಯನ್ನು ಇಳಿಸಲಿಲ್ಲ.